ಮೊದಲ ಕೈಗಡಿಯಾರ: ಚಿಕ್ಕ ಮುಳ್ಳನ್ನು ನೋಡಿ ಕೊಳ್ಳಿ

ಶಾಲೆ ಶುರುವಾಗುವ ಹೊತ್ತಿಗೆ ವಾಚಿನ ಅಂಗಡಿಗೆ ಬರುವ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಕೇಳುವುದು ಒಂದೇ: "ಬೇಗ ಹಾಳಾಗದೇ ಇರೋದು ಕೊಡಿ." ಪಕ್ಕದಲ್ಲಿ ನಿಂತ ಮಗುವಿನ ಬೇಡಿಕೆ ಬೇರೆ: "ಲೈಟ್ ಬರೋದು ಬೇಕು." ಅಂಗಡಿಯವರು ಇಬ್ಬರನ್ನೂ ಸಮಾಧಾನಪಡಿಸುವಂಥ ಒಂದನ್ನು ತೆಗೆದು ಗಾಜಿನ ಮೇಲಿಡುತ್ತಾರೆ. ಆ ವಾಚಿನಲ್ಲಿ ಮಗು ಗಂಟೆ ನೋಡಲು ಕಲಿಯಬಹುದೇ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಬಾಳಿಕೆ, ಓದಲು ಸಲೀಸು, ಕಲಿಕೆ ಈ ಮೂರೂ ಒಂದೇ ವಾಚಿನಲ್ಲಿ ಸಿಗುತ್ತವೆಯೇ, ಸಿಗದಿದ್ದರೆ ಯಾವುದನ್ನು ಬಿಡಬೇಕು ಎಂಬುದು ಈ ಲೇಖನದ ವಿಷಯ. ನನ್ನ ಎದುರಿಗಿರುವುದು ಎರಡು ಅಥವಾ ಮೂರನೇ ತರಗತಿಯ, ಏಳೆಂಟು ವರ್ಷದ ಮಗು. ಅದಕ್ಕಿಂತ ಚಿಕ್ಕವರಿಗೆ ವಾಚು ಆಟದ ಸಾಮಾನು. ಹೈಸ್ಕೂಲಿನವರು ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಳ್ಳುತ್ತಾರೆ.

ಏಳೆಂಟು ವರ್ಷ ಎಂದು ಹೇಳಲು ಕಾರಣವಿದೆ. ಮಕ್ಕಳು ಗಡಿಯಾರ ಓದಲು ಕಲಿಯುವುದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಪೂರ್ತಿ ಗಂಟೆ ಮತ್ತು ಅರ್ಧ ಗಂಟೆ, ಆಮೇಲೆ ಐದೈದು ನಿಮಿಷ, ಕೊನೆಗೆ ಒಂದೊಂದು ನಿಮಿಷ. ಇಂಗ್ಲೆಂಡಿನ ಪಠ್ಯಕ್ರಮವೂ ಅಮೆರಿಕದ ಬಹುತೇಕ ರಾಜ್ಯಗಳ ಪಠ್ಯಕ್ರಮವೂ ಇದನ್ನು ಸರಿಸುಮಾರು ಒಂದು, ಎರಡು, ಮೂರನೇ ತರಗತಿಗಳಿಗೆ ಹಂಚಿವೆ. ನಮ್ಮ ಮಕ್ಕಳಿಗೂ ಗಣಿತದ ಪುಸ್ತಕದಲ್ಲಿ ಗಡಿಯಾರದ ಪಾಠ ಗಟ್ಟಿಯಾಗಿ ಎದುರಾಗುವುದು ಮೂರನೇ ತರಗತಿಯ ಆಸುಪಾಸಿನಲ್ಲಿ. ಪಾಠ ನಡೆಯುತ್ತಿರುವಾಗಲೇ ಕೈಯಲ್ಲೊಂದು ಗಡಿಯಾರವಿದ್ದರೆ ದಿನಕ್ಕೆ ಹತ್ತಾರು ಬಾರಿ ಅಭ್ಯಾಸ ತಾನಾಗಿ ಆಗುತ್ತದೆ. ಮೊದಲ ವಾಚು ಎರಡು ವರ್ಷ ತಡವಾಗಿ ಬಂದರೆ ಅದು ಅಲಂಕಾರಕ್ಕೆ ಮಾತ್ರ ಒದಗುತ್ತದೆ.

ಈ ಪಾಠದಲ್ಲಿ ಮಕ್ಕಳು ಎಡವುವುದು ಎಲ್ಲಿ? ದೊಡ್ಡವರು ಸಾಮಾನ್ಯವಾಗಿ ದೊಡ್ಡ ಮುಳ್ಳಿನತ್ತ ಬೆರಳು ತೋರಿಸುತ್ತಾರೆ. 3ರ ಮೇಲಿದ್ದರೆ ಅದು ಮೂರಲ್ಲ, ಹದಿನೈದು. 8ರ ಮೇಲಿದ್ದರೆ ಎಂಟಲ್ಲ, ನಲವತ್ತು. ಒಂದೇ ಅಂಕಿಗೆ ಎರಡು ಬೆಲೆ ಎನ್ನುವುದು ಗೊಂದಲದ ವಿಷಯ, ನಿಜ. ಆದರೆ ಐದರ ಮಗ್ಗಿ ಬಂದ ಮಗು ಈ ಗೊಂದಲವನ್ನು ಕೆಲವು ವಾರಗಳಲ್ಲಿ ದಾಟುತ್ತದೆ. ದಾಟದೆ ಉಳಿಯುವ ತಪ್ಪು ಬೇರೆ. ಗಂಟೆ 2:50 ಆಗಿರುವಾಗ "ಮೂರು ಐವತ್ತು" ಎಂದು ಓದುವ ಮಕ್ಕಳನ್ನು ಗಮನಿಸಿ. ಅವರು ನಿಮಿಷವನ್ನು ಸರಿಯಾಗಿಯೇ ಓದಿರುತ್ತಾರೆ, ತಪ್ಪುವುದು ಗಂಟೆಯಲ್ಲಿ. ಚಿಕ್ಕ ಮುಳ್ಳು ಆಗ 3ಕ್ಕೆ ಅಂಟಿಕೊಂಡಂತೆ ಕಾಣುತ್ತದೆ, ಮಗು ಕಂಡದ್ದನ್ನು ಹೇಳುತ್ತದೆ. ಚಿಕ್ಕ ಮುಳ್ಳು ಅಂಕಿಯಿಂದ ಅಂಕಿಗೆ ಹಾರುವುದಿಲ್ಲ, ಗಂಟೆಯುದ್ದಕ್ಕೂ ನಿಧಾನವಾಗಿ ಸರಿಯುತ್ತದೆ, 3 ಆಗುವವರೆಗೆ ಅದು ಇನ್ನೂ ಎರಡರ ಮನೆಯಲ್ಲೇ ಇರುತ್ತದೆ ಎಂಬುದು ಮಗುವಿಗೆ ತಿಳಿದಿಲ್ಲ.

ಹಾಗಾಗಿ ಗಡಿಯಾರ ಕಲಿಸುವುದೆಂದರೆ ಮುಖ್ಯವಾಗಿ ಚಿಕ್ಕ ಮುಳ್ಳನ್ನು ಕಲಿಸುವುದು. ಅನುಭವಿ ಶಿಕ್ಷಕರು ದೊಡ್ಡ ಮುಳ್ಳೇ ಇಲ್ಲದ ರಟ್ಟಿನ ಗಡಿಯಾರದಿಂದ ಶುರು ಮಾಡುವುದು ಇದಕ್ಕೇ. ಒಂದೇ ಮುಳ್ಳಿನಲ್ಲಿ "ಎರಡು ಆಗಿ ಸ್ವಲ್ಪ ಹೊತ್ತಾಯಿತು", "ಎರಡು ಮೂರರ ನಡುವೆ ಇದೆ", "ಮೂರಾಗುತ್ತಾ ಬಂತು" ಎಂದು ಹೇಳಲು ಬಂದ ಮೇಲೆ ನಿಮಿಷದ ಮುಳ್ಳು ಬರುತ್ತದೆ. ಮನೆಯಲ್ಲಿ ಕನ್ನಡದಲ್ಲಿ ಗಂಟೆ ಹೇಳುವವರಿಗೆ ಇಲ್ಲೊಂದು ಅನುಕೂಲವಿದೆ. ಎರಡೂಕಾಲು, ಎರಡೂವರೆ, ಎರಡೂಮುಕ್ಕಾಲು ಎಂದು ನಾವು ಹೇಳುವುದು ಚಿಕ್ಕ ಮುಳ್ಳು ಎಲ್ಲಿದೆಯೋ ಅದನ್ನೇ. ಎರಡರ ಮನೆಯಲ್ಲಿ ಮುಕ್ಕಾಲು ಪಾಲು ನಡೆದಿದೆ ಎಂದರೆ ಎರಡೂಮುಕ್ಕಾಲು. ಅದೇ ಮಗು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಅದೇ ಹೊತ್ತನ್ನು ಮೂರಕ್ಕೆ ಕಾಲು ಗಂಟೆ ಕಮ್ಮಿ ಎಂದು ಹಿಂದಿನಿಂದ ಎಣಿಸಬೇಕಾಗುತ್ತದೆ, ಅಲ್ಲಿ ಮತ್ತೆ ಗಂಟೆ ತಪ್ಪುತ್ತದೆ. ಮೊದಲ ಕೆಲವು ತಿಂಗಳು ಮನೆಯ ಮಾತಿನಲ್ಲೇ ಗಂಟೆ ಕೇಳಿ. ಶಾಲೆಯ ರೀತಿ ಅದರ ಮೇಲೆ ಸುಲಭವಾಗಿ ಕೂರುತ್ತದೆ.

ಇಷ್ಟು ಒಪ್ಪಿದರೆ ವಾಚು ಆರಿಸುವ ಕೆಲಸ ಅರ್ಧ ಮುಗಿಯಿತು. ಚಿಕ್ಕ ಮುಳ್ಳು ಸ್ಪಷ್ಟವಾಗಿ ಕಾಣಬೇಕು, ಮತ್ತು ಅದು ಸರಿಯಾದ ಜಾಗದಲ್ಲಿರಬೇಕು. ಎರಡನೆಯದನ್ನು ಯಾರೂ ನೋಡುವುದಿಲ್ಲ. ಸ್ವಲ್ಪ ಲೆಕ್ಕ ಹಾಕೋಣ. ಚಿಕ್ಕ ಮುಳ್ಳು ಒಂದು ಗಂಟೆಗೆ ಸರಿಯುವುದು 30 ಡಿಗ್ರಿ, ನಿಮಿಷಕ್ಕೆ ಅರ್ಧ ಡಿಗ್ರಿ. 2:50ಕ್ಕೆ ಅದು 3ರಿಂದ 5 ಡಿಗ್ರಿ ಹಿಂದಿರಬೇಕು. ಮಕ್ಕಳ ವಾಚಿನಲ್ಲಿ ಚಿಕ್ಕ ಮುಳ್ಳಿನ ಉದ್ದ ಸುಮಾರು 8 ಮಿಲಿಮೀಟರ್ ಎಂದಿಟ್ಟುಕೊಂಡರೆ ಆ 5 ಡಿಗ್ರಿ ಮುಳ್ಳಿನ ತುದಿಯಲ್ಲಿ ಒಂದು ಮಿಲಿಮೀಟರ್ ಕೂಡ ಅಲ್ಲ, ಮುಕ್ಕಾಲಿಗಿಂತ ತುಸು ಕಡಿಮೆ. ಜೋಡಿಸುವಾಗ ಮುಳ್ಳು ಅಷ್ಟು ಮುಂದೆ ಕುಳಿತುಬಿಟ್ಟರೆ 2:50ಕ್ಕೆ ಅದು ನೇರವಾಗಿ 3ನ್ನೇ ತೋರಿಸುತ್ತದೆ. ಆ ವಾಚಿನಲ್ಲಿ "ಮೂರು ಐವತ್ತು" ಎಂದ ಮಗುವನ್ನು ಬೈದು ಉಪಯೋಗವಿಲ್ಲ, ಅದು ಕಂಡದ್ದನ್ನೇ ಓದಿದೆ. ದೊಡ್ಡವರಿಗೆ ಇದರಿಂದ ಏನೂ ತೊಂದರೆಯಿಲ್ಲ, ಏಕೆಂದರೆ ನಾವು ಗಂಟೆಯನ್ನು ಅಂದಾಜಿನಲ್ಲಿ ಮೊದಲೇ ತಿಳಿದಿರುತ್ತೇವೆ. ಕಲಿಯುವವರಿಗೆ ಮಾತ್ರ ಅದು ತಪ್ಪು ಮುದ್ರಣವಾದ ಮಗ್ಗಿ ಪುಸ್ತಕ.

ಮುಳ್ಳುಗಳನ್ನು ಅಚ್ಚಿಗೆ ಒತ್ತಿ ಕೂರಿಸಿರುತ್ತಾರೆ, ತಿರುಪು ಹಾಕಿರುವುದಿಲ್ಲ. ಜೋಡಿಸುವಾಗ ತುಸು ಓರೆಯಾದರೆ ಹಾಗೆಯೇ ಉಳಿಯುತ್ತದೆ, ಜೋರಾಗಿ ಬಿದ್ದಾಗಲೂ ಜರುಗಬಹುದು. ಅಗ್ಗದ ಬೊಂಬೆ ವಾಚುಗಳಲ್ಲಿ ಇದು ಸಾಮಾನ್ಯ. ಒಳ್ಳೆಯ ಹೆಸರಿನ ವಾಚುಗಳಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಪರೀಕ್ಷೆ ಸುಲಭ, ಅಂಗಡಿಯಲ್ಲೇ ಮಾಡಬಹುದು. ಪಕ್ಕದ ಕೀಯನ್ನು ಹೊರಗೆಳೆದು ಮುಳ್ಳುಗಳನ್ನು 12ಕ್ಕೆ ತನ್ನಿ; ಎರಡೂ ಒಂದರ ಮೇಲೊಂದು ಮುಚ್ಚಿಕೊಳ್ಳಬೇಕು. 6 ಗಂಟೆಗೆ ತನ್ನಿ. ಮೇಲಿಂದ ಕೆಳಗೆ ಒಂದೇ ನೇರ ಗೆರೆಯಾಗಬೇಕು. ಆಮೇಲೆ 3:30ಕ್ಕೆ ತಂದು ನೋಡಿ. ಚಿಕ್ಕ ಮುಳ್ಳು 3 ಮತ್ತು 4ರ ಸರಿಮಧ್ಯೆ ಇರಬೇಕು. ಪ್ರತಿ ಸಲವೂ ಮುಳ್ಳನ್ನು ಮುಂದಕ್ಕೇ ತಿರುಗಿಸಿ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿದರೆ ಹಲ್ಲುಗಳ ಸಡಿಲದಿಂದ ತುಸು ವ್ಯತ್ಯಾಸ ಕಾಣುತ್ತದೆ. ಮೂರರಲ್ಲಿ ಯಾವುದು ತಪ್ಪಿದರೂ ಇನ್ನೊಂದು ಪೀಸು ತೋರಿಸಿ ಎನ್ನಿ. ಈಗಾಗಲೇ ಮನೆಯಲ್ಲಿರುವ ವಾಚು ಹೀಗಿದ್ದರೆ ಎಸೆಯಬೇಕಿಲ್ಲ. ರಿಪೇರಿಯವರು ಮುಚ್ಚಳ ತೆಗೆದು, ಮುಳ್ಳನ್ನು ಎತ್ತಿ, 12ಕ್ಕೆ ಮತ್ತೆ ಕೂರಿಸುತ್ತಾರೆ. ಗೋಡೆ ಗಡಿಯಾರಕ್ಕೂ ಇದೇ ಪರೀಕ್ಷೆ ಮಾಡಿ, ಏಕೆಂದರೆ ಮಗು ಎರಡನ್ನೂ ಹೋಲಿಸುತ್ತದೆ.

ಇನ್ನು ಡಯಲ್. 1ರಿಂದ 12ರವರೆಗೆ ಹನ್ನೆರಡೂ ಅಂಕಿಗಳು ಬೇಕು. 12, 3, 6, 9 ಮಾತ್ರ ಬರೆದು ಉಳಿದ ಕಡೆ ಚುಕ್ಕಿ ಇಟ್ಟದ್ದು, ರೋಮನ್ ಅಂಕಿ ಇರುವುದು, ಅಂಕಿಯೇ ಇಲ್ಲದ್ದು ಇವು ಬಲ್ಲವರಿಗೆ ಮಾತ್ರ. ಅಂಚಿನಲ್ಲಿ 5, 10, 15 ಎಂದು ನಿಮಿಷವನ್ನೂ ಬರೆದಿರುವ ಡಯಲ್ ಸಿಕ್ಕರೆ ಒಳ್ಳೆಯದು. ಆಗ ಮಗು ಮಗ್ಗಿ ಹೇಳಿಕೊಳ್ಳದೆಯೇ ಓದಬಹುದಲ್ಲ, ಕಲಿಕೆ ಎಲ್ಲಿ ಬಂತು ಎಂದು ಕೆಲವು ಶಿಕ್ಷಕರು ಆಕ್ಷೇಪಿಸುತ್ತಾರೆ. ಆ ಆಕ್ಷೇಪದಲ್ಲಿ ಹುರುಳಿದೆ, ಆದರೂ ನಾನು ನಿಮಿಷದ ಅಂಕಿಯ ಪರ. ಮಗು ದಿನವೂ ನೋಡುತ್ತಾ 7ರ ಹೊರಗೆ 35 ಇರುವುದನ್ನು ಕಣ್ಣಿನಿಂದಲೇ ಕಲಿಯುತ್ತದೆ, ಮುಂದೆ ಆ ಅಂಕಿಯಿಲ್ಲದ ಗಡಿಯಾರದಲ್ಲೂ ಅದು ನೆನಪಿಗೆ ಬರುತ್ತದೆ. ಒಂದೇ ಷರತ್ತು: ನಿಮಿಷದ ಅಂಕಿ ಚಿಕ್ಕದಾಗಿ, ಬೇರೆ ಬಣ್ಣದಲ್ಲಿರಬೇಕು. ಎರಡು ಸಾಲೂ ಒಂದೇ ಗಾತ್ರದಲ್ಲಿದ್ದರೆ ಡಯಲ್ ಜಾತ್ರೆಯಾಗುತ್ತದೆ. ಮುಳ್ಳುಗಳಲ್ಲೂ ಹಾಗೆಯೇ. ಚಿಕ್ಕದು ದಪ್ಪಗೆ, ಗಂಟೆಯ ಅಂಕಿಗಳನ್ನು ಮುಟ್ಟಿಯೂ ಮುಟ್ಟದಂತೆ. ದೊಡ್ಡದು ತೆಳ್ಳಗೆ, ಅಂಚಿನ ಗೆರೆಗಳವರೆಗೆ. ಬಣ್ಣವೂ ಬೇರೆ ಬೇರೆಯಿದ್ದರೆ ಇನ್ನೂ ಚೆನ್ನ.

ಕಲಿಸುವುದಕ್ಕೆಂದೇ ಮಾಡಿದ ವಾಚುಗಳಲ್ಲಿ ಹೆಚ್ಚು ಹೆಸರಾದದ್ದು ಸ್ವಿಟ್ಜರ್ಲೆಂಡಿನ ಫ್ಲಿಕ್ ಫ್ಲಾಕ್. ಸ್ವಾಚ್ ಬಳಗದವರು ಇದನ್ನು 1987ರಲ್ಲಿ ತಂದರು. ಎರಡು ಮುಳ್ಳುಗಳನ್ನು ಅಣ್ಣ ತಂಗಿಯರನ್ನಾಗಿ ಮಾಡಿ, ಫ್ಲಿಕ್ ನಿಮಿಷ ತೋರಿಸುವವನು, ಫ್ಲಾಕ್ ಗಂಟೆ ತೋರಿಸುವವಳು ಎಂದು ಕಥೆ ಕಟ್ಟಿದರು. ಅದರ ಬಟ್ಟೆಯ ಬೆಲ್ಟನ್ನು ತೊಳೆಯಬಹುದು. ಟೈಮೆಕ್ಸ್ ಕಂಪನಿಯ ಮಕ್ಕಳ ವಾಚುಗಳಲ್ಲಿ ಮುಳ್ಳಿನ ಮೇಲೆಯೇ ಇದು ಗಂಟೆ, ಇದು ನಿಮಿಷ ಎಂದು ಬರೆದಿರುತ್ತದೆ, ಅದೂ ಇಂಗ್ಲಿಷಿನಲ್ಲಿ. ನಮ್ಮಲ್ಲಿ ಎಲ್ಲ ಊರುಗಳಲ್ಲೂ ಸುಲಭವಾಗಿ ಕಾಣುವುದು ಟೈಟಾನ್‌ನವರ ಝೂಪ್. ಅದರಲ್ಲಿ ಹಲವು ಬಗೆಯ ಡಯಲ್‌ಗಳಿವೆ, ಕೆಲವು ಬಹಳ ಚೆನ್ನಾಗಿವೆ, ಕೆಲವಲ್ಲಿ ಬೊಂಬೆಯೇ ಡಯಲನ್ನು ನುಂಗಿದೆ. ಹೆಸರು ನೋಡಿ ಕೊಳ್ಳಬೇಡಿ, ಡಯಲ್ ನೋಡಿ ಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಬೊಂಬೆ ಬೇಡವೇ ಬೇಡ ಎಂದಲ್ಲ. ಬೊಂಬೆ ಬೆಲ್ಟಿನ ಮೇಲಿರಲಿ, ಅಥವಾ ಡಯಲಿನ ನಡುವೆ ತಿಳಿ ಬಣ್ಣದಲ್ಲಿರಲಿ. ಅಮೆರಿಕದ ಇಂಗರ್ಸಾಲ್ ಕಂಪನಿ 1933ರಲ್ಲಿ ಮಾರಿದ ಮಿಕ್ಕಿ ಮೌಸ್ ವಾಚಿನಲ್ಲಿ ಇಲಿಯ ಕೈಗಳೇ ಮುಳ್ಳುಗಳಾಗಿದ್ದವು. ಎರಡು ಕೈಗೂ ಒಂದೇ ತರಹದ ಕೈಗವಸು. ಮುದ್ದಾಗಿತ್ತು, ಲಕ್ಷಗಟ್ಟಲೆ ಮಾರಾಟವಾಯಿತು. ಕಲಿಯುವ ಮಗುವಿಗೆ ಎರಡು ಕೈಗಳಲ್ಲಿ ಯಾವುದು ಚಿಕ್ಕದೆಂದು ಅಳೆಯುವ ಕೆಲಸ ಹೆಚ್ಚಾಯಿತು.

ಡಿಜಿಟಲ್ ಪಕ್ಷದವರ ವಾದವನ್ನು ಈಗ ಕೇಳೋಣ. ಅಂಕಿ ಓದಲು ಬಂದ ಮಗು ಮೊದಲ ದಿನವೇ ಗಂಟೆ ಹೇಳುತ್ತದೆ. ಲೈಟಿದೆ, ಅಲಾರ್ಮ್ ಇದೆ, ತಾರೀಕಿದೆ. ಮುಳ್ಳೇ ಇಲ್ಲದ ಮೇಲೆ ಜರುಗುವ ಮಾತೂ ಇಲ್ಲ. ಬಾಳಿಕೆಯಲ್ಲಂತೂ ಈ ಪಕ್ಷ ಗೆದ್ದಂತೆಯೇ. ಕ್ಯಾಸಿಯೊ ಎಫ್-91ಡಬ್ಲ್ಯು ಎಂಬ ಚೌಕ ಕಪ್ಪು ವಾಚನ್ನು ನೀವು ನೋಡಿಯೇ ಇರುತ್ತೀರಿ. 1989ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ಬರುತ್ತಿದೆ. ತೂಕ ಸುಮಾರು 21 ಗ್ರಾಂ, ಒಂದು ಸೆಲ್ ಏಳು ವರ್ಷದ ಆಸುಪಾಸು ಬರುತ್ತದೆ ಎಂದು ಕಂಪನಿ ಹೇಳುತ್ತದೆ. ಪೇಟೆಯಲ್ಲಿ ಇದರ ನಕಲಿಯೂ ಧಾರಾಳವಾಗಿ ಸಿಗುತ್ತದೆ. ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಅಸಲಿಯ ಪರದೆಯಲ್ಲಿ ಕಂಪನಿಯ ಹೆಸರು ಮೂಡುತ್ತದೆ, ಸಾಧಾರಣ ನಕಲಿಯಲ್ಲಿ ಮೂಡುವುದಿಲ್ಲ. ಏಳು ವರ್ಷದ ಮಗುವಿನ ತೆಳ್ಳಗಿನ ಕೈಗೆ ಅದರ ಬೆಲ್ಟಿನ ಕೊನೆಯ ತೂತೂ ಸಡಿಲವಾಗಬಹುದು, ಹಾಕಿಯೇ ನೋಡಬೇಕು.

ಆದರೆ ಓದುವುದು ಬೇರೆ, ಹೊತ್ತು ತಿಳಿಯುವುದು ಬೇರೆ. ಮಗುವಿನ ಡಿಜಿಟಲ್ ವಾಚು 2:50 ತೋರಿಸುತ್ತಿದೆ, ಬಸ್ಸು 3:15ಕ್ಕೆ. ಇನ್ನೆಷ್ಟು ಹೊತ್ತಿದೆ ಎಂದು ಕೇಳಿ. ಕೂಡಿ ಕಳೆಯುವುದನ್ನು ಆಗತಾನೇ ಕಲಿತ ಮಗು 315ರಿಂದ 250 ಕಳೆದು ಅರವತ್ತೈದು ಎನ್ನುತ್ತದೆ. ಉತ್ತರ ಇಪ್ಪತ್ತೈದು. ಗಂಟೆಗೆ ಅರವತ್ತೇ ನಿಮಿಷ, ನೂರಲ್ಲ ಎಂಬುದು ಅಂಕಿಗಳಲ್ಲಿ ಎಲ್ಲೂ ಕಾಣುವುದಿಲ್ಲ. ಮುಳ್ಳಿನ ವಾಚಿನಲ್ಲಿ ಅದೇ ಮಗು ದೊಡ್ಡ ಮುಳ್ಳಿರುವ 10ರಿಂದ ಬೆರಳಿಟ್ಟು 11, 12, 1, 2, 3 ಎಂದು ಐದು ಮನೆ ಎಣಿಸಿ ಇಪ್ಪತ್ತೈದು ಎಂದು ಹೇಳಬಲ್ಲದು. ಡಯಲ್ ಎಂದರೆ ಕೈಮೇಲಿನ ಲೆಕ್ಕದ ಚಿತ್ರ. "ಅರ್ಧ ಗಂಟೆ ಓದು, ಆಮೇಲೆ ಆಟ" ಎಂದಾಗ ಅರ್ಧ ಗಂಟೆ ಎಷ್ಟು ದೊಡ್ಡದು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ, ಅದು ಕರಗುವುದೂ ಕಾಣುತ್ತದೆ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಡಿಜಿಟಲ್ ಎರಡನೇ ವಾಚು. ಗೋಡೆ ಗಡಿಯಾರವನ್ನು ತಡವರಿಸದೆ ಓದುವ ಮಗು ಐದನೇ ತರಗತಿಯಲ್ಲಿ ಕೇಳಿದರೆ ಸಂತೋಷದಿಂದ ಕೊಡಿಸಬಹುದು. ಎಷ್ಟು ಕಲಿಸಿದರೂ ಮುಳ್ಳು ಓದಲು ಬಾರದೆ ಸಂಕಟಪಡುವ ಮಗುವಿಗೂ ಡಿಜಿಟಲ್ಲೇ ಸರಿ. ಅಲ್ಲಿ ಹಟ ಮಾಡಬಾರದು. ಮುಳ್ಳು ಅಂಕಿ ಎರಡೂ ಇರುವ ವಾಚನ್ನು ನಡುದಾರಿ ಎಂದು ಅಂಗಡಿಯವರು ತೋರಿಸುತ್ತಾರೆ. ಅದರಲ್ಲಿ ಮಗು ಓದುವುದು ಅಂಕಿಯನ್ನೇ, ಮುಳ್ಳನ್ನು ಮರೆತುಬಿಡುತ್ತದೆ.

ಮೊಬೈಲ್ ಸಿಮ್ ಹಾಕುವ, ಮಗು ಎಲ್ಲಿದೆ ಎಂದು ತೋರಿಸುವ ಸ್ಮಾರ್ಟ್ ವಾಚಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಕೈಗೆ ಕಟ್ಟಿದ ಫೋನು, ಕೊಳ್ಳುವ ಕಾರಣವೂ ಬೇರೆ. ಎರಡು ಸಂಗತಿ ಮಾತ್ರ ತಿಳಿದಿರಲಿ. 2017ರ ಅಕ್ಟೋಬರಿನಲ್ಲಿ ನಾರ್ವೆಯ ಗ್ರಾಹಕ ಮಂಡಳಿ ಇಂಥ ಕೆಲವು ಮಕ್ಕಳ ವಾಚುಗಳನ್ನು ಪರೀಕ್ಷಿಸಿ, ಅಪರಿಚಿತರು ಒಳನುಗ್ಗಿ ಮಗುವಿರುವ ಜಾಗವನ್ನು ತಿಳಿಯಬಹುದೆಂದು ತೋರಿಸಿತು. ಮರುತಿಂಗಳೇ ಜರ್ಮನಿ, ಮಗುವಿನ ಸುತ್ತಲ ಮಾತನ್ನು ಕದ್ದು ಕೇಳಬಲ್ಲ ವಾಚುಗಳ ಮಾರಾಟವನ್ನು ನಿಷೇಧಿಸಿತು. ಇನ್ನು, ಆಗಾಗ ಚಾರ್ಜ್ ಮಾಡಬೇಕಾದ ವಾಚು ಬೇಕಾದ ಹೊತ್ತಿಗೇ ಕಣ್ಣು ಮುಚ್ಚಿರುತ್ತದೆ. ಹಲವು ಶಾಲೆಗಳು ಅದನ್ನು ಒಳಗೇ ಬಿಡುವುದಿಲ್ಲ.

ಅಜ್ಜನ ಕಾಲದ ಕೀ ಕೊಡುವ ಎಚ್‌ಎಂಟಿ ಮನೆಯಲ್ಲಿದೆ, ಅದನ್ನೇ ಕಟ್ಟಿದರಾಗದೇ ಎಂದು ಕೇಳುವವರೂ ಇದ್ದಾರೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ಜನತಾ, ಪೈಲಟ್ ವಾಚುಗಳನ್ನು ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ ಪಡೆದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವುಗಳ ಡಯಲ್ ಇಂದಿಗೂ ಓದಲು ಸೊಗಸು. ಆದರೆ ಹೆಚ್ಚಿನವು ನೀರು ತಡೆಯುವುದಿಲ್ಲ, ಹಳೆಯದಾದ್ದರಿಂದ ಬಿದ್ದರೆ ತಾಳುವ ಭರವಸೆಯಿಲ್ಲ, ದಿನವೂ ಕೀ ಕೊಡಬೇಕು, ಮಗುವಿನ ಕೈಗೆ ದೊಡ್ಡದು. ಕಂಪನಿಯ ವಾಚು ವಿಭಾಗ ಮುಚ್ಚಿದ ಮೇಲೆ ಬಿಡಿ ಭಾಗಗಳಿಗೂ ಅಲೆಯಬೇಕು. ಎಂಟನೇ ತರಗತಿಗೆ ಬರಲಿ, ಆಗ ಕೊಡಿ.

ಈಗ ಬಾಳಿಕೆ. ಮೊದಲಿಗೆ ಒಂದು ಖರ್ಚನ್ನು ಉಳಿಸಿಕೊಳ್ಳಿ: ಸಮಯದ ಕರಾರುವಾಕ್ಕಿಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಸೆಲ್ ವಾಚಿನೊಳಗೆ ಸೆಕೆಂಡಿಗೆ 32,768 ಬಾರಿ ಕಂಪಿಸುವ ಒಂದು ಪುಟ್ಟ ಸ್ಫಟಿಕವಿರುತ್ತದೆ. ಐನೂರು ರೂಪಾಯಿಯದರಲ್ಲೂ ಐದು ಸಾವಿರದ್ದರಲ್ಲೂ ತತ್ವ ಅದೇ, ತಿಂಗಳಿಗೆ ಅರ್ಧ ನಿಮಿಷದ ಆಚೀಚೆ ವ್ಯತ್ಯಾಸ. ಶಾಲೆಯ ಗಂಟೆಗೆ ಅದು ಧಾರಾಳ ಸಾಕು. ದುಡ್ಡು ಕೊಡಬೇಕಾದದ್ದು ಹೊರಗಿನ ಚಿಪ್ಪಿಗೆ.

ಮಕ್ಕಳ ವಾಚು ಹೇಗೆ ಸಾಯುತ್ತದೆ ಎಂದು ರಿಪೇರಿಯವರನ್ನು ಕೇಳಿ ನೋಡಿ. ಬಿದ್ದು ಒಡೆದದ್ದಕ್ಕಿಂತ ಮೊದಲು ಅವರು ಹೇಳುವುದು ಬೆಲ್ಟು ಮತ್ತು ಪಿನ್ನಿನ ಕಥೆ. ಬೆಲ್ಟನ್ನು ಹಿಡಿದಿರುವುದು ಎರಡು ಸಣ್ಣ ಸ್ಪ್ರಿಂಗ್ ಪಿನ್ನುಗಳು. ಕಬಡ್ಡಿಯಲ್ಲೋ ಬ್ಯಾಗಿನ ಪಟ್ಟಿಗೆ ಸಿಕ್ಕಿಯೋ ಒಂದು ಹಾರಿದರೆ ವಾಚು ಕೈಜಾರಿ ಎಲ್ಲೋ ಬೀಳುತ್ತದೆ, ಮಗುವಿಗೆ ಗೊತ್ತೂ ಆಗುವುದಿಲ್ಲ. ಇದಕ್ಕೆ ಸರಳ ಪರಿಹಾರವಿದೆ: ಎರಡು ಪಿನ್ನುಗಳ ಕೆಳಗೂ ಹಾಯ್ದುಹೋಗುವ ಒಂದೇ ತುಂಡಿನ ನೈಲಾನ್ ಪಟ್ಟಿ. ಒಂದು ಪಿನ್ನು ಹೋದರೂ ಇನ್ನೊಂದರಲ್ಲಿ ವಾಚು ನೇತಾಡುತ್ತಿರುತ್ತದೆ. ಒಗೆಯಬಹುದು, ಬೆವರಿಗೆ ಕೊಳೆಯುವುದಿಲ್ಲ, ಹರಿದರೆ ಇನ್ನೊಂದು ಹಾಕಬಹುದು. ಬದಲಿಸುವುದು ಸಾಧ್ಯವಾಗಬೇಕಾದರೆ ವಾಚಿನ ಕಿವಿಗಳು ನೇರವಾಗಿರಬೇಕು, ನಡುವಿನ ಅಗಲ 12, 14 ಅಥವಾ 16 ಮಿ.ಮೀ. ಇರಬೇಕು. ವಾಚಿನ ಆಕಾರಕ್ಕೇ ಅಚ್ಚು ಹೊಯ್ದ ಪ್ಲಾಸ್ಟಿಕ್ ಬೆಲ್ಟು ಬರುವ ವಾಚುಗಳಲ್ಲಿ ಎರಡು ಮೂರು ವರ್ಷಕ್ಕೆ ಬೆಲ್ಟು ಬಿರಿಯುತ್ತದೆ, ಅದೇ ಬೆಲ್ಟು ಪೇಟೆಯಲ್ಲಿ ಸಿಗುವುದಿಲ್ಲ, ಒಳಗೆ ಚೆನ್ನಾಗಿ ನಡೆಯುತ್ತಿರುವ ವಾಚು ಡ್ರಾಯರ್ ಸೇರುತ್ತದೆ. ಚರ್ಮದ ಬೆಲ್ಟು ನಮ್ಮ ಮಳೆಗಾಲಕ್ಕೆ ಬೇಡ. ಸ್ಟೀಲ್ ಚೈನು ಮಗುವಿನ ಕೂದಲು ಕೀಳುತ್ತದೆ.

ಎರಡನೇ ಶತ್ರು ನೀರು. ಮುಚ್ಚಳದ ಮೇಲೆ 30 ಮೀಟರ್ ಎಂದು ಬರೆದದ್ದನ್ನು ನೋಡಿ ಈಜುಕೊಳಕ್ಕೆ ಕಳಿಸುವವರಿದ್ದಾರೆ. ಆ ಅಂಕಿ ಪ್ರಯೋಗಾಲಯದಲ್ಲಿ ಅಲುಗಾಡದ ಹೊಸ ವಾಚಿನ ಮೇಲೆ ಹಾಕಿದ ಒತ್ತಡದ ಲೆಕ್ಕ. ವ್ಯವಹಾರದಲ್ಲಿ 30 ಎಂದರೆ ಕೈ ತೊಳೆಯಬಹುದು, ಮಳೆ ಹನಿ ಬಿದ್ದರೆ ಪರವಾಗಿಲ್ಲ. 50 ಇದ್ದರೆ ಈಜಬಹುದು. 100 ಇದ್ದರೆ ಯೋಚನೆ ಬಿಡಿ. ಮಲೆನಾಡು ಕರಾವಳಿಯ ಮಕ್ಕಳಿಗೆ 50ಕ್ಕಿಂತ ಕಡಿಮೆಯದನ್ನು ನಾನು ಸೂಚಿಸುವುದಿಲ್ಲ. ಬಿಸಿನೀರಿನ ಸ್ನಾನಕ್ಕೆ ಮಾತ್ರ ಯಾವ ವಾಚೂ ಬೇಡ, ಹಬೆ ಮತ್ತು ಸೋಪು ಒಳಗಿನ ರಬ್ಬರ್ ರಿಂಗನ್ನು ಹಾಳುಮಾಡುತ್ತವೆ. ಈ ರಿಂಗೇ ನೀರು ತಡೆಯುವುದು, ಮತ್ತು ಇದು ಕೆಡುವುದು ಹೆಚ್ಚಾಗಿ ಸೆಲ್ ಬದಲಿಸುವಾಗ. ಅವಸರದಲ್ಲಿ ರಿಂಗ್ ಸೊಟ್ಟಗೆ ಕೂತರೆ ಅಥವಾ ಹಳೆಯದಾಗಿ ಚಪ್ಪಟೆಯಾಗಿದ್ದರೆ ಮುಚ್ಚಳದ ಮೇಲಿನ ಅಂಕಿಗೆ ಅರ್ಥವಿಲ್ಲ. ಸೆಲ್ ಹಾಕಿಸುವಾಗ "ರಿಂಗ್ ಸರಿ ಇದೆಯಾ ನೋಡಿ ಅಣ್ಣ" ಎಂದು ಒಂದು ಮಾತು ಹೇಳಿ. ಗಾಜಿನ ಒಳಗೆ ಆವಿ ಕಟ್ಟಿದ್ದು ಕಂಡರೆ ಅಂದೇ ರಿಪೇರಿಯವರಲ್ಲಿಗೆ ಒಯ್ಯಿರಿ. ಅದು ತಾನಾಗಿ ಆರಿದಂತೆ ಕಂಡರೂ ಒಳಗೆ ತುಕ್ಕು ಆರಂಭವಾಗಿರುತ್ತದೆ.

ಗಾಜಿನ ವಿಷಯದಲ್ಲಿ ದುಬಾರಿಯೇ ಒಳ್ಳೆಯದು ಎನ್ನುವಂತಿಲ್ಲ. ಅಗ್ಗದ ವಾಚಿನ ಅಕ್ರಿಲಿಕ್ ಬೇಗ ಗೀರಾಗುತ್ತದೆ, ಆದರೆ ಚೂರಾಗುವುದಿಲ್ಲ, ಗೀರನ್ನು ಪಾಲಿಶ್ ಹಾಕಿ ತೆಗೆಯಬಹುದು. ಮಿನರಲ್ ಗಾಜು ಗೀರನ್ನು ತಡೆಯುತ್ತದೆ, ಸಿಮೆಂಟು ನೆಲದ ಮೇಲೆ ಬಿದ್ದರೆ ಒಡೆಯಬಹುದು. ಯಾವುದಾದರೂ ಆಗಲಿ, ಗಾಜಿನ ಸುತ್ತ ಅಂಚು ತುಸು ಎತ್ತರವಾಗಿ ಗಾಜು ಒಳಗೆ ತಗ್ಗಿ ಕುಳಿತಿದ್ದರೆ ಅರ್ಧ ಪೆಟ್ಟು ಅಂಚಿಗೇ ಹೋಗುತ್ತದೆ.

ಬಾಳಿಕೆಗಿಂತ ಮುಖ್ಯವಾದ ಒಂದು ಮಾತು ಸೆಲ್ ಬಗ್ಗೆ. ಮುಚ್ಚಳ ತಿರುಪಿನಿಂದ ಅಥವಾ ಬಿಗಿಯಾಗಿ ಒತ್ತಿ ಮುಚ್ಚಿರಬೇಕು, ಉಗುರಿನಿಂದ ತೆರೆಯುವಂತಿರಬಾರದು. ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ದೀಪ ಮಿನುಗುವ ವಾಚುಗಳಲ್ಲಿ ಅದು ಸುಲಭವಾಗಿ ಕಳಚಿಬರುತ್ತದೆ. ಮನೆಯಲ್ಲಿ ಪುಟ್ಟ ತಮ್ಮ ತಂಗಿ ಇದ್ದರೆ ಅದು ಅಪಾಯ. ದೊಡ್ಡ ಲಿಥಿಯಂ ಸೆಲ್ ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಡಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಹೋಗಬೇಕು. ಮಾಮೂಲು ಮುಳ್ಳಿನ ವಾಚಿನ ಸೆಲ್ ಚಿಕ್ಕದು, ಆದರೂ ಬದಲಿಸಿದ ಹಳೆಯ ಸೆಲ್ಲನ್ನು ಮನೆಗೆ ತರಬೇಡಿ. ಸೆಲ್ ಹಾಕಿಸುವಾಗ ಸಿಲ್ವರ್ ಆಕ್ಸೈಡ್‌ನದನ್ನೇ ಕೇಳಿ. ಹತ್ತಿಪ್ಪತ್ತು ರೂಪಾಯಿ ಉಳಿಸುವ ಆಲ್ಕಲೈನ್ ಸೆಲ್ ಖಾಲಿಯಾದ ಮೇಲೆ ಸೋರಿ ಒಳಗಿನ ಮಿಷನ್ನನ್ನೇ ತಿನ್ನುತ್ತದೆ.

ಇಷ್ಟನ್ನೂ ಒಂದು ಮಗುವಿಗೆ ಅನ್ವಯಿಸಿ ನೋಡೋಣ. ಸಾಗರದ ಕಡೆಯ ಮೂರನೇ ತರಗತಿಯ ಹುಡುಗಿ ಎಂದಿಟ್ಟುಕೊಳ್ಳಿ, ಕೈಗೆ ಖರ್ಚು ಮಾಡಲು ಸಾವಿರದ ಆಚೀಚೆ ಇದೆ. ದಾರದಿಂದ ಮಣಿಕಟ್ಟು ಅಳೆದರೆ 13 ಸೆಂಟಿಮೀಟರ್. ಮೇಲಿನ ಚಪ್ಪಟೆ ಭಾಗದ ಅಗಲ ಹೆಚ್ಚೆಂದರೆ 42 ಮಿಲಿಮೀಟರ್ ಬರುತ್ತದೆ. ವಾಚಿನ ಒಂದು ಕಿವಿಯಿಂದ ಇನ್ನೊಂದು ಕಿವಿಯ ತುದಿಯವರೆಗಿನ ಉದ್ದ ಇದನ್ನು ಮೀರಬಾರದು, 36 ಇದ್ದರೆ ಹಿತ. ಹಾಗಾದರೆ ಡಯಲ್ ಭಾಗ 28ರಿಂದ 30 ಮಿಲಿಮೀಟರ್. ಇದಕ್ಕಿಂತ ಚಿಕ್ಕದಾದರೆ ನಿಮಿಷದ ಗೆರೆ ಕಾಣುವುದಿಲ್ಲ. ದೊಡ್ಡದಾದರೆ ಕೀ ಕೈಯ ಹಿಂಭಾಗಕ್ಕೆ ಚುಚ್ಚುತ್ತದೆ, ಬಾಗಿಲಿಗೆ ತಗುಲುತ್ತದೆ. ಬೆಳೆಯುವ ಕೈ ಎಂದು ದೊಡ್ಡದನ್ನು ಕೊಡಿಸುವ ರೂಢಿ ಚಪ್ಪಲಿಗೆ ಸರಿ, ವಾಚಿಗಲ್ಲ.

ಅಂಗಡಿಯಲ್ಲಿ ಅವಳ ಕಣ್ಣಿಗೆ ಮೊದಲು ಬೀಳುವುದು ಗುಲಾಬಿ ಬಣ್ಣದ ರಾಜಕುಮಾರಿಯ ವಾಚು. ಅಂಕಿ ನಾಲ್ಕೇ, ಮುಳ್ಳುಗಳೆರಡೂ ಬಂಗಾರ ಬಣ್ಣ, ರಾಜಕುಮಾರಿಯ ಮುಡಿಯಲ್ಲಿ ಚಿಕ್ಕ ಮುಳ್ಳು ಕರಗಿಹೋಗಿದೆ. 6ಕ್ಕೆ ತಂದರೆ ಗೆರೆ ಸೊಟ್ಟ. ಎರಡನೆಯದು ಬಿಳಿ ಡಯಲ್, ಹನ್ನೆರಡು ಅಂಕಿ, ಅಂಚಿನಲ್ಲಿ ನಿಮಿಷ, ಚಿಕ್ಕ ಮುಳ್ಳು ನೀಲಿ, ದೊಡ್ಡದು ಕೆಂಪು, 50 ಮೀಟರ್, ನೇರ ಕಿವಿ, 14 ಮಿ.ಮೀ. ಬೆಲ್ಟು. ಬೂದು ಬಣ್ಣದ ಬೆಲ್ಟು ಅವಳಿಗೆ ಇಷ್ಟವಿಲ್ಲ. ಇಲ್ಲಿ ಅಪ್ಪ ಅಮ್ಮ ಗೆದ್ದು ಮಗು ಸೋಲಬೇಕಿಲ್ಲ. ಗುಲಾಬಿ ಹೂವಿನ ನೈಲಾನ್ ಪಟ್ಟಿಯೊಂದನ್ನು ಅವಳೇ ಆರಿಸಲಿ, ಅದನ್ನು ಹಾಕಿಸಿಕೊಡಿ. ಇಷ್ಟವಿಲ್ಲದ ವಾಚನ್ನು ಮಗು ಕಟ್ಟುವುದಿಲ್ಲ, ಕಟ್ಟದ ವಾಚು ಏನನ್ನೂ ಕಲಿಸುವುದಿಲ್ಲ. ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲ ಬಿಡಿ. ಬಿಗಿಯಾದರೆ ಬೆವರಿ ಗುಳ್ಳೆಯೇಳುತ್ತದೆ. ಮುಚ್ಚಳ ತಾಗಿದ ಕಡೆ ಮಾತ್ರ ಗುಂಡಗೆ ತುರಿಕೆ ಬಂದರೆ ಅದು ಲೋಹದ ನಿಕಲ್‌ನಿಂದ ಆದದ್ದಿರಬಹುದು. ವಾಚಿನ ಅಡಿಯಲ್ಲೂ ಹಾಯುವ ನೈಲಾನ್ ಪಟ್ಟಿ ಅಲ್ಲೂ ಉಪಕಾರಕ್ಕೆ ಬರುತ್ತದೆ.

ಕೊಂಡ ಮೇಲೆ "ಗಂಟೆ ಎಷ್ಟು?" ಎಂದು ಪರೀಕ್ಷೆ ಮಾಡಬೇಡಿ, ಬೇರೆ ಬಗೆಯ ಪ್ರಶ್ನೆ ಕೇಳಿ. "ಚಿಕ್ಕ ಮುಳ್ಳು ಯಾರ ಮನೆಯಲ್ಲಿದೆ?" "ಅಜ್ಜಿಗೆ ಮಾತ್ರೆ ಕೊಡೋಕೆ ಇನ್ನು ಎಷ್ಟು ಹೊತ್ತಿದೆ, ನೋಡ್ಕೊಂಡು ಹೇಳು ಪುಟ್ಟಿ." ಕೆಲಸವೊಂದನ್ನು ವಾಚಿಗೆ ಕಟ್ಟಿದರೆ ಕಲಿಕೆ ಬೇಗ ಆಗುತ್ತದೆ. ತಪ್ಪು ಓದಿದರೆ ಯಾವ ಮುಳ್ಳಿನಲ್ಲಿ ತಪ್ಪಿದಳೆಂದು ನೋಡಿ. ನಿಮಿಷ ತಪ್ಪಿದರೆ ಐದರ ಮಗ್ಗಿ ನೆನಪಿಸಿದರೆ ಸಾಕು. ಗಂಟೆ ತಪ್ಪಿದರೆ ಬೆರಳಿನಿಂದ ದೊಡ್ಡ ಮುಳ್ಳನ್ನು ಮರೆಮಾಡಿ ಚಿಕ್ಕದನ್ನಷ್ಟೇ ಓದಿಸಿ, ಆಮೇಲೆ ಬೆರಳು ತೆಗೆಯಿರಿ. ಬರೆಯುವ ಕೈಯಲ್ಲದ ಕೈಗೆ ವಾಚು ಕಟ್ಟುವುದು ವಾಡಿಕೆ. ಎಡಗೈಯಲ್ಲಿ ಬರೆಯುವ ಮಗು ಬಲಕ್ಕೆ ಕಟ್ಟಿಕೊಳ್ಳಲಿ, ತಿದ್ದಬೇಡಿ.

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಮಣಿಕಟ್ಟಿಗೆ ದಾರ ಸುತ್ತಿ ಅಳೆದುಕೊಳ್ಳಿ. ದುಡ್ಡು ಎಣಿಸುವ ಮುನ್ನ ಮುಳ್ಳುಗಳನ್ನು 12, 6, 3:30ಕ್ಕೆ ತಂದು ನೋಡಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ಇದೇ ಪರೀಕ್ಷೆಯನ್ನು ಮಗುವಿನ ಕೈಯಲ್ಲೇ ಮಾಡಿಸಿ.